‘ಸ್ಟಾರ್‌ಬೋರ್ಡ್’ ಎಂದರೆ ಹಡಗು ಎಡಕ್ಕೆ ತಿರುಗುತ್ತಿದ್ದ ಕಾಲ

ಟೈಟಾನಿಕ್ ದುರಂತದ ವಿವರ ಓದುವವರು ಒಂದು ಆದೇಶದ ಬಳಿ ಬಂದು ತಡವರಿಸುತ್ತಾರೆ. 1912ರ ಏಪ್ರಿಲ್ 14ರ ರಾತ್ರಿ ಮಂಜುಗಡ್ಡೆ ಕಂಡಾಗ ಕರ್ತವ್ಯದಲ್ಲಿದ್ದ ಅಧಿಕಾರಿ ವಿಲಿಯಂ ಮರ್ಡಾಕ್ ಕೂಗಿದ್ದು ‘ಹಾರ್ಡ್ ಎ ಸ್ಟಾರ್‌ಬೋರ್ಡ್’ ಎಂದು. ಸ್ಟಾರ್‌ಬೋರ್ಡ್ ಎಂದರೆ ಬಲಬದಿ. ಹಡಗು ತಿರುಗಿದ್ದು ಮಾತ್ರ ಎಡಕ್ಕೆ. ಚುಕ್ಕಾಣಿ ಹಿಡಿದಿದ್ದ ರಾಬರ್ಟ್ ಹಿಚೆನ್ಸ್ ಗಾಬರಿಯಲ್ಲಿ ತಪ್ಪು ಮಾಡಿದ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಅಂದಿನ ಪದ್ಧತಿಯಲ್ಲಿ ಆ ಆದೇಶದ ಅರ್ಥವೇ ಎಡಕ್ಕೆ ತಿರುಗಿಸು ಎಂದಾಗಿತ್ತು.

ಮೊದಲು ದಿಕ್ಕುಗಳನ್ನು ನೋಡೋಣ. ಹಡಗಿನ ಮುಂತುದಿ ಬೋ, ಹಿಂತುದಿ ಸ್ಟರ್ನ್. ಬೋ ಕಡೆಗೆ ಮುಖಮಾಡಿ ನಿಂತರೆ ಎಡಬದಿ ಪೋರ್ಟ್, ಬಲಬದಿ ಸ್ಟಾರ್‌ಬೋರ್ಡ್. ನೀವು ಹಿಂದಕ್ಕೆ ತಿರುಗಿ ನಿಂತರೆ ಪೋರ್ಟ್ ನಿಮ್ಮ ಬಲಗೈಗೆ ಬರುತ್ತದೆ, ಆದರೂ ಅದು ಪೋರ್ಟ್ ಆಗಿಯೇ ಉಳಿಯುತ್ತದೆ. ಈ ಹೆಸರುಗಳು ಹಡಗಿನ ಮೈಗೆ ಅಂಟಿಕೊಂಡಿವೆ, ನೋಡುವವನಿಗಲ್ಲ. ಉತ್ತರ ಯುರೋಪಿನ ಹಳೆಯ ದೋಣಿಗಳಲ್ಲಿ ದಾರಿ ತಿರುಗಿಸುವ ದೊಡ್ಡ ಹುಟ್ಟು ಹಿಂಭಾಗದ ಬಲಬದಿಯಲ್ಲಿರುತ್ತಿತ್ತು. ಅದಕ್ಕೆ ಪೆಟ್ಟಾಗದಿರಲೆಂದು ದೋಣಿಯ ಎಡಬದಿಯನ್ನು ದಡಕ್ಕೆ ತಾಗಿಸಿ ಸರಕು ಏರಿಸುತ್ತಿದ್ದರು. ಎಡಬದಿಗೆ ಇಂಗ್ಲಿಷ್ ನಾವಿಕರು ಬಹುಕಾಲ ಬಳಸಿದ ಹೆಸರು ಲಾರ್‌ಬೋರ್ಡ್. ಬಿರುಗಾಳಿಯಲ್ಲಿ ಇದೂ ಸ್ಟಾರ್‌ಬೋರ್ಡೂ ಒಂದೇ ರೀತಿ ಕೇಳಿಸುತ್ತಿದ್ದುದರಿಂದ 1844ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಕೈಬಿಟ್ಟು ಪೋರ್ಟ್ ಎಂಬುದನ್ನು ಕಡ್ಡಾಯಗೊಳಿಸಿತು.

ಹೆಸರಿನ ಗೊಂದಲ ಹೀಗೆ ತೀರಿತು, ಆದೇಶದ ಗೊಂದಲ ತೀರಲಿಲ್ಲ. ಅದರ ಮೂಲ ಟಿಲ್ಲರ್ ಎಂಬ ಸನ್ನೆಕೋಲು. ನೀರಿನಲ್ಲಿ ಮುಳುಗಿರುವ ಚುಕ್ಕಾಣಿಯ ಹಲಗೆ ಸ್ಟರ್ನ್‌ಗೆ ತೂಗಿಕೊಂಡಿರುತ್ತದೆ. ಅದರ ನೆತ್ತಿಗೆ ಜೋಡಿಸಿದ ಟಿಲ್ಲರ್ ಹಡಗಿನ ಮುಂಭಾಗದತ್ತ ಚಾಚಿರುತ್ತದೆ. ಟಿಲ್ಲರನ್ನು ಬಲಕ್ಕೆ ತಳ್ಳಿದರೆ ಹಲಗೆ ಎಡಕ್ಕೆ ಹೊರಳಿ ಬೋ ಕೂಡ ಎಡಕ್ಕೆ ತಿರುಗುತ್ತದೆ. ಆದೇಶ ಕೊಡುತ್ತಿದ್ದುದು ಟಿಲ್ಲರ್‌ಗೆ, ಹಡಗಿಗಲ್ಲ. ಕೈಯಲ್ಲಿ ಟಿಲ್ಲರ್ ಹಿಡಿದವನಿಗೆ ಇದರಲ್ಲಿ ಗೊಂದಲವೇನೂ ಇರಲಿಲ್ಲ. 18ನೇ ಶತಮಾನದಲ್ಲಿ ಟಿಲ್ಲರನ್ನು ದೂರದಿಂದ ತಿರುಗಿಸುವ ಚಕ್ರ ಬಂತು, ಆಮೇಲೆ ಉಗಿಯಂತ್ರ ಬಂತು, ಟಿಲ್ಲರ್ ಕಣ್ಣಿಗೆ ಕಾಣದ ಮೂಲೆ ಸೇರಿತು. ಆದೇಶ ಮಾತ್ರ ಹಾಗೆಯೇ ಉಳಿಯಿತು. ಹಳಬರ ಕಿವಿಗೆ ಒಗ್ಗಿದ್ದನ್ನು ಬದಲಿಸಿದರೇ ಅಪಾಯ ಎಂಬ ವಾದದಲ್ಲಿ ಹುರುಳಿತ್ತು. ಆದರೆ ಆ ವಾದಕ್ಕೆ ಅಗತ್ಯಕ್ಕಿಂತ ಹೆಚ್ಚು ಆಯಸ್ಸು ಸಿಕ್ಕಿತು ಎನ್ನಬೇಕು.

ಈಗ ಟೈಟಾನಿಕ್‌ಗೆ ಮರಳಿದರೆ ಮರ್ಡಾಕ್ ಲೆಕ್ಕಾಚಾರ ಬಿಡಿಸಿಕೊಳ್ಳುತ್ತದೆ. ಮೊದಲು ಬೋ ಎಡಕ್ಕೆ ಸರಿದು ಮಂಜುಗಡ್ಡೆಯನ್ನು ತಪ್ಪಿಸಬೇಕು. ಆದರೆ ಹಡಗು ತಿರುಗುವುದು ಕಾರಿನಂತಲ್ಲ. ಮುಂದಕ್ಕೆ ಸಾಗುವ ಹಡಗು ಬೋದಿಂದ ಸುಮಾರು ಮೂರನೇ ಒಂದು ಭಾಗ ಹಿಂದಿರುವ ಬಿಂದುವಿನ ಸುತ್ತ ಹೊರಳುತ್ತದೆ. ಬೋ ಎಡಕ್ಕೆ ಹೋದರೆ ಸ್ಟರ್ನ್ ಬಲಕ್ಕೆ ಬೀಸುತ್ತದೆ. 269 ಮೀಟರ್ ಉದ್ದದ ಹಡಗಿನಲ್ಲಿ ಈ ಬೀಸು ಸಣ್ಣದಲ್ಲ, ಮಂಜುಗಡ್ಡೆ ಇದ್ದುದೂ ಬಲಕ್ಕೇ. ಆದ್ದರಿಂದ ಬೋ ದಾಟಿದ ಕೂಡಲೇ ವಿರುದ್ಧ ಆದೇಶ ಕೊಟ್ಟು, ಬೋವನ್ನು ಬಲಕ್ಕೆ ತಂದು, ಸ್ಟರ್ನನ್ನು ಎಡಕ್ಕೆ ಸರಿಸಬೇಕು. ಮಂಜುಗಡ್ಡೆಯನ್ನು ಹೀಗೆ ‘ಪೋರ್ಟ್’ ಮಾಡಿ ಬಳಸಿ ಹೋಗುವ ಉದ್ದೇಶವಿತ್ತು, ಆದರೆ ಅದು ತೀರಾ ಹತ್ತಿರವಿತ್ತು ಎಂದು ಮರ್ಡಾಕ್ ಕ್ಯಾಪ್ಟನ್‌ಗೆ ಹೇಳಿದ್ದನ್ನು ನಾಲ್ಕನೇ ಅಧಿಕಾರಿ ಬಾಕ್ಸ್‌ಹಾಲ್ ವಿಚಾರಣೆಯಲ್ಲಿ ತಿಳಿಸಿದರು. ಸೀಳಿದ್ದು ಮುಂಭಾಗದ ಸ್ಟಾರ್‌ಬೋರ್ಡ್ ಬದಿ. ಆದೇಶದ ಪದ್ಧತಿ ಆ ಹಡಗನ್ನು ಮುಳುಗಿಸಲಿಲ್ಲ. ದೂರವೂ ಸಮಯವೂ ಸಾಲಲಿಲ್ಲ.

1929ರ ಲಂಡನ್ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದ ಕೊನೆಗೂ ನೇರ ಅರ್ಥವನ್ನು ಎತ್ತಿಹಿಡಿಯಿತು. ಸ್ಟಾರ್‌ಬೋರ್ಡ್ ಎಂದರೆ ಚಕ್ರ, ಚುಕ್ಕಾಣಿಯ ಹಲಗೆ, ಬೋ ಮೂರೂ ಬಲಕ್ಕೇ ಹೋಗಬೇಕು. ಬ್ರಿಟಿಷ್ ಹಡಗುಗಳಲ್ಲಿ ಇದು ಜಾರಿಯಾದದ್ದು 1933ರಲ್ಲಿ. ಆ ಹೊತ್ತಿಗೆ ಯುರೋಪಿನ ಕೆಲವು ದೇಶಗಳು ಬದಲಾಗಿ ಬಹಳ ವರ್ಷಗಳೇ ಆಗಿದ್ದವು. ಬಂದರಿನಲ್ಲಿ ಹಡಗು ಹತ್ತಿ ದಾರಿ ಹೇಳುವ ಪೈಲಟ್ ಒಂದು ದೇಶದವನು, ಚಕ್ರ ಹಿಡಿದವನು ಇನ್ನೊಂದು ದೇಶದವನು ಆಗಿದ್ದಾಗ ಅದು ಎಂಥ ಕಾಲವಾಗಿತ್ತು ಎಂದು ಊಹಿಸಬಹುದು.

ಇಂದು ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಹಡಗನ್ನು ತರುವ ಪೈಲಟ್ ‘ಸ್ಟಾರ್‌ಬೋರ್ಡ್ ಟೆನ್’ ಎಂದರೆ ಚುಕ್ಕಾಣಿ ಬಲಕ್ಕೆ ಹತ್ತು ಡಿಗ್ರಿ ಎಂದೇ ಅರ್ಥ. ಚಕ್ರ ಹಿಡಿದವನು ಆದೇಶವನ್ನು ಹಾಗೆಯೇ ಮರುನುಡಿಯಬೇಕು, ಚುಕ್ಕಾಣಿ ಅಷ್ಟಕ್ಕೆ ಬಂದು ನಿಂತಾಗ ಮತ್ತೊಮ್ಮೆ ಹೇಳಬೇಕು. ಅಧಿಕಾರಿ ಚುಕ್ಕಾಣಿಯ ಕೋನ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟಿರುತ್ತಾನೆ. ಮಾತು ಸರಿಯಾಗಿದ್ದು ಮುಳ್ಳು ಎದುರು ಬದಿಗೆ ಓಡಿದರೆ ತಪ್ಪು ತಿಳಿಯುವುದು ಅಲ್ಲೇ, ಬೋ ಇನ್ನೂ ಅಲುಗಾಡುವ ಮೊದಲೇ.