ಕಾಲೇಜು ಶುಲ್ಕದ ಆಡಿಟ್ ತಲೆಯೆಣಿಕೆಯಿಂದ ಶುರುವಾಗಲಿ

ಖಾಸಗಿ ಕಾಲೇಜಿನ ಆಡಿಟ್‌ಗೆ ಹೊಸದಾಗಿ ಹೋದವರ ಮುಂದೆ ಕಚೇರಿಯವರು ಮೊದಲು ತಂದಿಡುವುದು ರಶೀದಿ ಪುಸ್ತಕಗಳ ಗಂಟು. ನಮ್ಮ ಹುಡುಗರು ಕೂತು, ರಶೀದಿಯ ಕಚೇರಿ ಪ್ರತಿ ನೋಡಿ, ನಗದು ಪುಸ್ತಕದಲ್ಲಿ ಅದೇ ಮೊತ್ತ ಹುಡುಕಿ, ಹಸಿರು ಪೆನ್ನಿನಲ್ಲಿ ಟಿಕ್ ಹಾಕುತ್ತಾ ಹೋಗುತ್ತಾರೆ. ಸಂಜೆಗೆ ಎಲ್ಲವೂ ತಾಳೆಯಾಗಿರುತ್ತದೆ. ತಾಳೆಯಾಗದೇ ಇರಲು ಕಾರಣವೇ ಇಲ್ಲ. ನಮಗೆ ಕೊಟ್ಟಿರುವುದು ಲೆಕ್ಕಕ್ಕೆ ಬಂದ ಹಣದ ರಶೀದಿಗಳನ್ನು ಮಾತ್ರ. ಬಾರದ ಹಣಕ್ಕೆ ಆ ಗಂಟಿನಲ್ಲಿ ಕಾಗದವೇ ಇರುವುದಿಲ್ಲ.

ಖರ್ಚಿನ ಆಡಿಟ್‌ನಲ್ಲಿ ಬರೆದದ್ದು ನಿಜವೇ ಎಂದು ನೋಡುತ್ತೇವೆ. ಶುಲ್ಕದ ವಿಷಯದಲ್ಲಿ ಬರೆಯದೇ ಬಿಟ್ಟದ್ದು ಏನಾದರೂ ಇದೆಯೇ ಎಂಬುದು ಮುಖ್ಯ. ಆದ್ದರಿಂದ ಲೆಕ್ಕ ವಿಭಾಗದ ಕೈಗೆ ಸಿಗದ ಒಂದು ದಾಖಲೆಯಿಂದ ಹೊರಡಬೇಕು. ಕಾಲೇಜಿನಲ್ಲಿ ಅಂಥದ್ದು ಸುಲಭವಾಗಿ ಸಿಗುತ್ತದೆ: ಪರೀಕ್ಷೆ ನಡೆಸುವ ಸಂಸ್ಥೆ ಹೊರಡಿಸಿದ, ಪರೀಕ್ಷೆಗೆ ಕೂರುವವರ ಹೆಸರುಪಟ್ಟಿ. ಅದರಿಂದ ಹೆಸರು ತೆಗೆಯಲು ಕ್ಯಾಷಿಯರ್‌ಗೆ ಆಗುವುದಿಲ್ಲ, ಹೆಸರು ಬಿಟ್ಟುಹೋದರೆ ಮಗು ಮನೆಯವರೊಂದಿಗೆ ಬಂದು ಬಾಗಿಲು ತಟ್ಟುತ್ತದೆ. ಜೊತೆಗೆ ಉಪನ್ಯಾಸಕರ ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರ್, ಗ್ರಂಥಾಲಯದ ಕಾರ್ಡುಗಳ ಪಟ್ಟಿ ಇಟ್ಟುಕೊಳ್ಳಬಹುದು. ನಾನು ಹೆಚ್ಚು ನೆಚ್ಚುವುದು ಪರೀಕ್ಷೆಯ ಪಟ್ಟಿಯನ್ನು. ವರ್ಷದ ನಡುವೆ ಬಿಟ್ಟು ಹೋದವರು ಮಾತ್ರ ಅದರಲ್ಲಿ ಇರುವುದಿಲ್ಲ, ಅವರನ್ನು ದಾಖಲಾತಿ ರಿಜಿಸ್ಟರ್‌ನಿಂದ ಹುಡುಕಿಕೊಳ್ಳಬೇಕು.

ಒಂದು ಕಾಲೇಜಿನ ಮೊದಲ ವರ್ಷದ ತರಗತಿಯ ಲೆಕ್ಕ ಹೇಳುತ್ತೇನೆ. ಗುರುತು ಸಿಗದಂತೆ ಅಂಕಿಗಳನ್ನು ಬದಲಿಸಿ ದುಂಡಾಗಿಸಿದ್ದೇನೆ. ಮೊದಲ ವರ್ಷವನ್ನೇ ಆರಿಸಲು ಕಾರಣ, ಅಲ್ಲಿ ಹಿಂದಿನ ಸಾಲಿನ ಬಾಕಿಯ ಗೋಜಲಿಲ್ಲ. ಪರೀಕ್ಷೆ ಪಟ್ಟಿಯಲ್ಲಿ 180 ಹೆಸರು. ಆಡಳಿತ ಮಂಡಳಿ ನಿರ್ಣಯಿಸಿದ ಶುಲ್ಕ 60,000 ರೂಪಾಯಿ, 30,000ದಂತೆ ಎರಡು ಕಂತು. ಅಲ್ಲಿಗೆ ಬರಬೇಕಾದ ಹಣ 1,08,00,000. ಇದರಲ್ಲಿ ಕಾಲೇಜು ತೋರಿಸಿದ ರಿಯಾಯಿತಿ, 14 ಮಂದಿಗೆ ತಲಾ 30,000ದಂತೆ, 4,20,000. ವರ್ಷಾಂತ್ಯದ ಬಾಕಿ ಪಟ್ಟಿಯಲ್ಲಿ ಒಂಬತ್ತು ಹೆಸರು, ಒಟ್ಟು 2,70,000. ಇವೆರಡನ್ನೂ ಕಳೆದರೆ 1,01,10,000 ವಸೂಲಾಗಿರಬೇಕಿತ್ತು. ಪುಸ್ತಕದಲ್ಲಿ ಇದ್ದದ್ದು 99,60,000. ಮುಂದಿನ ವರ್ಷದ ಶುಲ್ಕವೆಂದು ಬಂದ ಮುಂಗಡ ಇದರಲ್ಲಿ ಬೆರೆತಿಲ್ಲವೆಂದು ಮೊದಲೇ ನೋಡಿಕೊಂಡಿದ್ದೆವು. ಬೆರೆತಿದ್ದರೆ ಕೊರತೆಯನ್ನು ಆ ಮುಂಗಡವೇ ಮುಚ್ಚಿಬಿಡುತ್ತಿತ್ತು.

ವ್ಯತ್ಯಾಸ 1,50,000. ಒಂದು ಕೋಟಿಯಲ್ಲಿ ಒಂದೂವರೆ ಲಕ್ಷ ತಾನೇ, ಯಾರೋ ಬಿಟ್ಟು ಹೋಗಿರಬೇಕು ಎಂಬ ಉತ್ತರ ತಕ್ಷಣ ಬಂತು. ಇಂಥ ಹೊತ್ತಿನಲ್ಲಿ ಮೊತ್ತದ ಮೇಲೆ ವಾದಕ್ಕೆ ಇಳಿಯಬಾರದು, ಹೆಸರಿಗೆ ಇಳಿಯಬೇಕು. 180 ಹೆಸರುಗಳನ್ನೂ ವಿದ್ಯಾರ್ಥಿ ಲೆಡ್ಜರ್‌ನ ಖಾತೆಗಳ ಎದುರಿಗಿಟ್ಟು ಓದಿಸಿದೆವು. ಖಾತೆಗಳಿದ್ದದ್ದು 178. ಉಳಿದ ಇಬ್ಬರೂ ಹಾಜರಿ ಪುಸ್ತಕದ ಕೊನೆಯ ಸಾಲುಗಳಲ್ಲಿದ್ದರು, ತಡವಾಗಿ ಸೇರಿದವರು. ಅವರಿಂದ ನಗದು ತೆಗೆದುಕೊಳ್ಳಲಾಗಿತ್ತು, ಖಾತೆಯನ್ನೇ ತೆರೆದಿರಲಿಲ್ಲ. ಅಲ್ಲಿಗೆ 1,20,000 ಸಿಕ್ಕಿತು. ಇನ್ನೊಬ್ಬನ ಲೆಡ್ಜರ್‌ನಲ್ಲಿ 30,000 ಬಾಕಿ ನಿಂತಿದ್ದರೂ ಬಾಕಿ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಆ ಪಟ್ಟಿಯನ್ನು ಲೆಡ್ಜರ್‌ನಿಂದ ತೆಗೆದಿರಲೇ ಇಲ್ಲ, ಗುಮಾಸ್ತರು ಬೇರೆ ಹಾಳೆಯಲ್ಲಿ ತಾವೇ ಟೈಪ್ ಮಾಡಿದ್ದರು. ಅವನ ಎರಡನೇ ಕಂತಿನ ರಶೀದಿಯ ಕಚೇರಿ ಪ್ರತಿಯ ಮೇಲೆ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದಿತ್ತು. ರದ್ದಾದ ರಶೀದಿಯ ಮೂಲ ಪ್ರತಿಯನ್ನು ಅದೇ ಪುಸ್ತಕಕ್ಕೆ ಲಗತ್ತಿಸಿರಬೇಕು. ಅದು ಇರಲಿಲ್ಲ. ಹುಡುಗನನ್ನು ಕೇಳಿದಾಗ ಅವನ ಫೈಲಿನಲ್ಲೇ ಸಿಕ್ಕಿತು.

ವ್ಯತ್ಯಾಸ ಪೂರ್ತಿ ತೀರಿತು. ಬಹಳಷ್ಟು ಆಡಿಟ್‌ಗಳು ಇಲ್ಲಿಗೇ ಮುಗಿಯುತ್ತವೆ, ಕಷ್ಟವಿರುವುದೂ ಇಲ್ಲೇ. ಉಳಿದ 1,50,000ವನ್ನು ಇಷ್ಟು ಬೆನ್ನಟ್ಟಿದೆವಲ್ಲ, ಅದಕ್ಕೂ ಮೊದಲು 6,90,000ವನ್ನು ಎರಡು ಸಾಲಿನಲ್ಲಿ ಕಳೆದುಬಿಟ್ಟಿದ್ದೆವು, ‘ರಿಯಾಯಿತಿ’, ‘ಬಾಕಿ’ ಎಂದು. ಆ ಎರಡು ಸಾಲುಗಳನ್ನು ಬರೆದುಕೊಟ್ಟವರು ಹಣ ಎಣಿಸುವ ಕಚೇರಿಯವರೇ. ಲೆಕ್ಕ ಗೊತ್ತಿರುವ ಯಾರೂ ಹಣವನ್ನು ಕಣ್ಣಿಗೆ ಬೀಳುವ ವ್ಯತ್ಯಾಸವಾಗಿ ಬಿಟ್ಟುಹೋಗುವುದಿಲ್ಲ, ಯಾವುದಾದರೂ ಸಾಲಿನೊಳಗೆ ಸೇರಿಸಿಬಿಡುತ್ತಾರೆ.

ರಿಯಾಯಿತಿಯ ಕಡತದಲ್ಲಿ ನಾನು ಮೊತ್ತಕ್ಕಿಂತ ಮೊದಲು ತಾರೀಖು ನೋಡುತ್ತೇನೆ. ನಿಜವಾದ ರಿಯಾಯಿತಿಗೆ ಒಂದು ನಡೆ ಇರುತ್ತದೆ. ಮೊದಲು ಅರ್ಜಿ, ಅದರ ಜೊತೆ ಆದಾಯದ್ದೋ ಅಂಕಗಳದ್ದೋ ಪುರಾವೆ, ಆಮೇಲೆ ಅಧಿಕಾರವಿರುವವರ ಆದೇಶ, ಅದರ ನಂತರ ಲೆಡ್ಜರ್ ನಮೂದು. ಇದೆಲ್ಲ ಸಾಮಾನ್ಯವಾಗಿ ಎರಡನೇ ಕಂತು ಕೇಳುವ ಮೊದಲೇ ಮುಗಿದಿರುತ್ತದೆ, ಬೇಕಾದವರು ಮೊದಲೇ ಕೇಳುತ್ತಾರಲ್ಲ. ಹದಿನಾಲ್ಕರಲ್ಲಿ ಹನ್ನೊಂದು ಹೀಗೇ ಇದ್ದವು. ಇನ್ನು ಮೂರಕ್ಕೆ ಅರ್ಜಿಯೇ ಇರಲಿಲ್ಲ. ಮೂರಕ್ಕೂ ಸೇರಿ ಒಂದೇ ಆದೇಶದ ಜೆರಾಕ್ಸ್ ಇತ್ತು, ನಮೂದುಗಳು ವರ್ಷಾಂತ್ಯದ ಒಂದೇ ದಿನದ ಜರ್ನಲ್‌ನಲ್ಲಿದ್ದವು.

ತಾರೀಖು ತಡವಾಗಿದ್ದ ಮಾತ್ರಕ್ಕೆ ಮೋಸವೆನ್ನಲಾಗದು, ಸೋಮಾರಿತನವೂ ಇರಬಹುದು. ಅದಕ್ಕೆ ಬೇಬಾಕಿ ರಿಜಿಸ್ಟರ್ ತರಿಸಿದೆವು. ಹಾಲ್ ಟಿಕೆಟ್ ಕೊಡುವ ಮೊದಲು ಗ್ರಂಥಾಲಯ, ಪ್ರಯೋಗಾಲಯ, ಶುಲ್ಕ ವಿಭಾಗ ಒಂದೊಂದಾಗಿ ಸಹಿ ಹಾಕುವ ಪುಸ್ತಕ ಅದು. ಆಡಿಟರ್ ಕೇಳುತ್ತಾರೆಂದು ಯಾರಿಗೂ ಹೊಳೆಯದ ಕಾರಣಕ್ಕೇ ಅದು ಸತ್ಯ ಹೇಳುತ್ತದೆ. ಈ ಮೂವರಿಗೂ ಪರೀಕ್ಷೆಗೆ ಮುಂಚೆಯೇ, ಅಂದರೆ ರಿಯಾಯಿತಿ ನಮೂದಾಗುವುದಕ್ಕೆ ವಾರಗಳ ಮೊದಲೇ, ಶುಲ್ಕ ವಿಭಾಗ ‘ಬಾಕಿ ಇಲ್ಲ’ ಎಂದು ಸಹಿ ಹಾಕಿತ್ತು. ಆ ದಿನ ಲೆಡ್ಜರ್‌ನಲ್ಲಿ ಮೂವರ ಹೆಸರಿನಲ್ಲೂ 30,000 ಬಾಕಿ ಇತ್ತು. ಹಾಗಾದರೆ ಸಹಿ ಹಾಕಿದವರು ಯಾವುದನ್ನು ನೋಡಿ ಹಾಕಿದರು? ವಿದ್ಯಾರ್ಥಿಗಳ ಕೈಯಲ್ಲಿದ್ದ ರಶೀದಿ ನೋಡಿ. ಅವರು ಪೂರ್ತಿ ಹಣ ಕಟ್ಟಿದ್ದರು. ತಮಗೆ ರಿಯಾಯಿತಿ ಸಿಕ್ಕಿದೆ ಎಂಬ ಸಂಗತಿಯೇ ಅವರಿಗೆ ಗೊತ್ತಿರಲಿಲ್ಲ.

ಬಾಕಿ ಪಟ್ಟಿಯ ಒಂಬತ್ತು ಹೆಸರಿಗೂ ಇದೇ ಪುಸ್ತಕ ಸಾಕಾಯಿತು. ಐವರ ಎದುರು ಪ್ರಾಚಾರ್ಯರ ವಿಶೇಷ ಅನುಮತಿ ಎಂದು ಬರೆದಿತ್ತು, ಅವರ ಬಾಕಿ ನಿಜ. ನಾಲ್ವರ ಎದುರು ‘ಬಾಕಿ ಇಲ್ಲ’. ಒಂಬತ್ತೂ ಮನೆಗಳಿಗೆ ನಮ್ಮ ಕಚೇರಿಯಿಂದಲೇ ಪತ್ರ ಬರೆದು, ಉತ್ತರವೂ ನಮಗೇ ಬರುವಂತೆ ಮಾಡಿದೆವು. ಕಾಲೇಜಿನ ಮೂಲಕ ಕಳಿಸಿದ ಪತ್ರಕ್ಕೆ ಬೆಲೆಯಿಲ್ಲ, ಯಾರ ಮೇಲೆ ಅನುಮಾನವೋ ಅವರ ಕೈಗೇ ಅಂಚೆ ಕೊಟ್ಟಂತೆ. ಆ ನಾಲ್ಕು ಮನೆಗಳಿಂದ ರಶೀದಿಯ ಫೋಟೋ ಬಂತು.

ಈ ನಾಲ್ಕು, ಆ ಮೂರು, ಒಟ್ಟು ಏಳು ರಶೀದಿಗಳ ಸಂಖ್ಯೆ ನಮಗೆ ಕೊಟ್ಟಿದ್ದ ಯಾವ ಪುಸ್ತಕದಲ್ಲೂ ಇರಲಿಲ್ಲ. ಇಲ್ಲಿಗೆ ರಶೀದಿ ಪುಸ್ತಕಗಳ ದಾಸ್ತಾನಿನ ಪ್ರಶ್ನೆ ಬಂತು. ದಾಸ್ತಾನು ರಿಜಿಸ್ಟರ್ ಪ್ರಕಾರ ಮುದ್ರಣಾಲಯದಿಂದ ಬಂದದ್ದು 20 ಪುಸ್ತಕ. ಖರ್ಚಿನ ವೋಚರುಗಳ ಕಟ್ಟಿನಲ್ಲಿ ಸಿಕ್ಕ ಮುದ್ರಣಾಲಯದ ಬಿಲ್ಲಿನಲ್ಲಿ 21. ಶುಲ್ಕದ ಫೈಲ್ ತೋರಿಸದ್ದನ್ನು ಖರ್ಚಿನ ಫೈಲ್ ತೋರಿಸಿತು, ಏಕೆಂದರೆ ಬಿಲ್ ಕೊಟ್ಟವರಿಗೆ ಹಣ ಸಿಗಬೇಕಿತ್ತು. ರಶೀದಿ ಸಾಫ್ಟ್‌ವೇರ್‌ನಿಂದ ಬರುವ ಕಾಲೇಜಿನಲ್ಲಿ ಇದರ ಬದಲು ಸಂಖ್ಯೆಗಳ ಸರಣಿಯಲ್ಲಿ ಎಲ್ಲಿ ಕಡಿದಿದೆ, ರದ್ದು ಮಾಡುವ ಅಧಿಕಾರ ಯಾರ ಲಾಗಿನ್‌ಗಿದೆ, ಹಿಂದಿನ ತಾರೀಖು ಹಾಕಲು ಬಿಡುತ್ತದೆಯೇ ಎಂದು ನೋಡಬೇಕು. ಹಣ ತೆಗೆದುಕೊಳ್ಳುವವರದೇ ಲಾಗಿನ್‌ನಲ್ಲಿ ರಿಯಾಯಿತಿಯನ್ನೂ ನಮೂದಿಸಬಹುದಾದರೆ ಅದನ್ನು ವರದಿಯಲ್ಲಿ ಬರೆಯಲು ಬೇರೆ ತಪ್ಪು ಸಿಗುವವರೆಗೆ ಕಾಯಬೇಕಿಲ್ಲ.

ಹೀಗೆ ವ್ಯತ್ಯಾಸವೆಂದು ಹೊರಗೆ ಕಂಡದ್ದು 1,50,000, ವಿವರಣೆಗಳ ಒಳಗಿದ್ದದ್ದು 2,10,000.

ಹಣ ನಗದಾಗಿ ಬಾರದೆ ಆನ್‌ಲೈನ್‌ನಲ್ಲಿ ಬರುವಲ್ಲಿ ಈ ಕಾಟ ಕಡಿಮೆ. ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪೇಮೆಂಟ್ ಗೇಟ್‌ವೇ ಕಳಿಸುವ ದಿನವಹಿ ವರದಿಯನ್ನು ಬ್ಯಾಂಕ್ ಜಮಾದೊಂದಿಗೂ ಲೆಡ್ಜರ್‌ನೊಂದಿಗೂ ಹೋಲಿಸಬೇಕು. ತಮ್ಮ ಶುಲ್ಕ ಕಡಿದುಕೊಂಡು ಉಳಿದದ್ದನ್ನು ಜಮಾ ಮಾಡುವ ಗೇಟ್‌ವೇ ಆದರೆ ಆ ಕಡಿತವೂ ಖರ್ಚಾಗಿ ಪುಸ್ತಕಕ್ಕೆ ಬರಬೇಕು. ಕೌಂಟರಿನ ಗಾಜಿಗೆ ಅಂಟಿಸಿದ ಕ್ಯೂಆರ್ ಕೋಡನ್ನು ನಾನು ನನ್ನ ಫೋನಿನಲ್ಲೇ ಸ್ಕ್ಯಾನ್ ಮಾಡಿ ಯಾರ ಹೆಸರು ಬರುತ್ತದೆಂದು ನೋಡುತ್ತೇನೆ. ಅರ್ಧ ನಿಮಿಷದ ಕೆಲಸ. ಕೌಂಟರಿನವರ ಮುಖ ನೋಡಲು ಸಂಕೋಚವಾದರೂ ಮಾಡುವುದೇ ವಾಸಿ.

ಪುಸ್ತಕ ಬರೆಯುವ ರೀತಿಯಲ್ಲಿ ಒಂದು ಬದಲಾವಣೆಯನ್ನು ನಾನು ಪಟ್ಟು ಹಿಡಿದು ಮಾಡಿಸುತ್ತೇನೆ. ಎಷ್ಟೋ ಕಾಲೇಜುಗಳು ರಿಯಾಯಿತಿ ಕಳೆದು ಉಳಿದದ್ದನ್ನಷ್ಟೇ ಆದಾಯವೆಂದು ಬರೆಯುತ್ತವೆ. ಹಾಗೆ ಬರೆದರೆ ವರ್ಷಕ್ಕೆ ಎಷ್ಟು ಬಿಟ್ಟುಕೊಟ್ಟೆವು ಎಂಬುದು ಆಡಳಿತ ಮಂಡಳಿಯ ಕಣ್ಣಿಗೇ ಬೀಳುವುದಿಲ್ಲ. ಪೂರ್ಣ ಶುಲ್ಕವನ್ನು ಎಲ್ಲರ ಖಾತೆಗೂ ಹಾಕಿ, ರಿಯಾಯಿತಿಯನ್ನು ಬೇರೆ ಶೀರ್ಷಿಕೆಯಲ್ಲಿ ತೋರಿಸಿದರೆ ಮಂಡಳಿಯ ಸಭೆಯಲ್ಲಿ ಯಾರಾದರೂ ಒಬ್ಬರು ‘ಇದೇನಿದು ಇಷ್ಟೊಂದು?’ ಎಂದು ಕೇಳಿಯೇ ಕೇಳುತ್ತಾರೆ.

ಈ ವಿಧಾನಕ್ಕೆ ಕಾಣದ್ದೂ ಉಂಟು. ನಿಗದಿತ ಶುಲ್ಕದ ಮೇಲೆ ಸೀಟಿಗೆಂದು ರಶೀದಿಯಿಲ್ಲದೆ ಪಡೆದ ಹಣ ಇದರಲ್ಲಿ ಸಿಗುವುದಿಲ್ಲ. 180 ತಲೆ, 60,000 ರೂಪಾಯಿ ಎಂಬ ಗುಣಾಕಾರ ಮಂಡಳಿಯ ನಿರ್ಣಯದ ಮೊತ್ತವನ್ನು ನಂಬಿ ನಿಂತಿದೆ. ನಿರ್ಣಯದಾಚೆ ಕೈ ಬದಲಾದ ಹಣ ತಲೆಯೆಣಿಕೆಗೆ ಹೊರಗಿನದು. ಆದ್ದರಿಂದ ಆ ವರ್ಷದ ವರದಿಯಲ್ಲಿ ‘ಶುಲ್ಕ ಪೂರ್ತಿ ಲೆಕ್ಕಕ್ಕೆ ಬಂದಿದೆ’ ಎಂದು ಬರೆಯಲಿಲ್ಲ. ನಿಗದಿತ ದರದ ಪ್ರಕಾರ ಮೊದಲ ವರ್ಷದ ತರಗತಿಯಲ್ಲಿ 3,60,000 ಲೆಕ್ಕಕ್ಕೆ ಬಂದಿಲ್ಲವೆಂದು ಹತ್ತು ವಿದ್ಯಾರ್ಥಿಗಳ ಖಾತೆವಾರು ಪಟ್ಟಿಯೊಂದಿಗೆ ಬರೆದು, ಉಳಿದ ಎರಡು ವರ್ಷದ ತರಗತಿಗಳಿಗೂ ಬೇಬಾಕಿ ರಿಜಿಸ್ಟರ್ ಮತ್ತು ಇಪ್ಪತ್ತೊಂದನೇ ಪುಸ್ತಕವನ್ನು ಹಾಜರುಪಡಿಸುವಂತೆ ಮಂಡಳಿಯ ಕಾರ್ಯದರ್ಶಿಯವರನ್ನು ಕೇಳಿದೆವು.