ಕಡ್ಡಿಯ ಒಳಗೆ ಬರೆದ ಮೂರು ಅಂಕಿ

ನೀವು ಹಾಕಿಕೊಂಡಿರುವ ಕನ್ನಡಕ ತೆಗೆದು ಒಮ್ಮೆ ಕಡ್ಡಿಯ ಒಳಮೈ ನೋಡಿ. ಸಣ್ಣ ಅಕ್ಷರದಲ್ಲಿ 54□18 140 ಅಂತಲೋ, 50□20 145 ಅಂತಲೋ ಇರುತ್ತದೆ. ಹಳೆಯದಾದರೆ ಅರ್ಧ ಅಳಿಸಿಹೋಗಿರಬಹುದು. ಬಹಳ ವರ್ಷ ನಾನು ಇದನ್ನು ಮಾಡೆಲ್ ನಂಬರ್ ಅಂದುಕೊಂಡಿದ್ದೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಕನ್ನಡಕ ಸಂಜೆಯಾದರೆ ಹುಬ್ಬಿನ ಮೇಲೆ ನೋವು ಕೊಡತೊಡಗಿದ ಮೇಲೇ ಈ ಅಂಕಿಗಳ ಅರ್ಥ ಹುಡುಕಿದ್ದು.

ಮೊದಲ ಅಂಕಿ ಒಂದು ಲೆನ್ಸಿನ ಅಗಲ. ನಡುವಿನ ಆ ಪುಟ್ಟ ಚೌಕ ಸುಮ್ನೆ ಹಾಕಿದ್ದಲ್ಲ. ಲೆನ್ಸಿನ ಸುತ್ತ ತಾಗುವ ಹಾಗೆ ಒಂದು ಪೆಟ್ಟಿಗೆ ಬರೆದಂತೆ ಭಾವಿಸಿ, ಆ ಪೆಟ್ಟಿಗೆಯ ಅಗಲವನ್ನು ಅಳೆದಿದ್ದೇವೆ ಅಂತ ಹೇಳುವ ಗುರುತು ಅದು. ಎರಡನೆಯದು ಬ್ರಿಡ್ಜ್, ಅಂದರೆ ಎರಡು ಲೆನ್ಸುಗಳ ನಡುವಿನ ಅಂತರ. ಮೂರನೆಯದು ಕಡ್ಡಿಯ ಉದ್ದ. ಇದನ್ನು ಸ್ಕ್ರೂನಿಂದ ತುದಿಯವರೆಗೆ, ಕಿವಿಯ ಹಿಂದಿನ ಬಾಗನ್ನೂ ಸೇರಿಸಿ ಅಳೆಯುತ್ತಾರೆ. ಎಲ್ಲವೂ ಮಿಲಿಮೀಟರ್‌ನಲ್ಲಿ.

ಈ ಮೂರರಲ್ಲಿ ಫ್ರೇಮಿನ ಪೂರ್ತಿ ಅಗಲ ಇಲ್ಲ, ಗಮನಿಸಿದಿರಾ? 54, 54 ಮತ್ತು 18 ಕೂಡಿಸಿದರೆ 126 ಆಗುತ್ತದೆ. ಎರಡೂ ಪಕ್ಕ ಕೀಲು ಕೂರುವ ಜಾಗ ಸೇರಿದರೆ ಫ್ರೇಮ್ ಇನ್ನೂ ಅಗಲ. ಆ ಜಾಗ ಒಂದೊಂದು ಡಿಸೈನ್‌ನಲ್ಲಿ ಒಂದೊಂದು ಥರ. ಆದ್ದರಿಂದ ಮಾರುವವರು ಫ್ರೇಮ್ ಅಗಲವನ್ನು ಬೇರೆಯಾಗಿಯೇ ಕೊಡಬೇಕು. ಕೆಲವರು ಕೊಡುವುದಿಲ್ಲ. ಅಂಥ ಕಡೆ ಕೊನೆಯ 140 ನೋಡಿ ಅದೇ ಫ್ರೇಮಿನ ಅಗಲ ಅಂದುಕೊಳ್ಳುವವರು ಜಾಸ್ತಿ. ದೊಡ್ಡವರ ಫ್ರೇಮಿನ ಅಗಲವೂ ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ತಪ್ಪು ಗೊತ್ತೂ ಆಗುವುದಿಲ್ಲ.

ನನ್ನ ಕನ್ನಡಕ 54□18 ಆಗಿತ್ತು. ಎರಡೂ ಕಣ್ಣಿಗೆ ಪವರ್ ಮೈನಸ್ 6. ಲೆನ್ಸಿನ ಅಗಲಕ್ಕೆ ಬ್ರಿಡ್ಜ್ ಕೂಡಿಸಿದರೆ 72 ಬಂತಲ್ಲ, ಅದು ಎರಡು ಪೆಟ್ಟಿಗೆಗಳ ನಟ್ಟನಡುವಿನ ಅಂತರ. ಆದರೆ ನನ್ನ ಎರಡು ಕಣ್ಣಿನ ಪಾಪೆಗಳ ನಡುವೆ ಇರುವುದು 62 ಮಿ.ಮೀ. ಇದನ್ನೇ ಪಿ.ಡಿ. ಅನ್ನುತ್ತಾರೆ. ಬೆಳಕು ಬಾಗದೆ ನೇರವಾಗಿ ದಾಟಿಹೋಗುವ ಒಂದು ಜಾಗ ಪ್ರತಿ ಲೆನ್ಸಿನಲ್ಲೂ ಇರುತ್ತದೆ. ಅದನ್ನು ಲೆನ್ಸಿನ ಕೇಂದ್ರ ಅನ್ನೋಣ. ಈ ಕೇಂದ್ರ ಪಾಪೆಯ ಎದುರಿಗೇ ಬರಬೇಕು. 72ಕ್ಕೂ 62ಕ್ಕೂ ವ್ಯತ್ಯಾಸ 10. ಹಾಗಾಗಿ ಲೆನ್ಸ್ ಕತ್ತರಿಸುವವರು ಪ್ರತಿ ಕಡೆ ಕೇಂದ್ರವನ್ನು 5 ಮಿ.ಮೀ. ಮೂಗಿನ ಕಡೆಗೆ ಸರಿಸಬೇಕು. ನಾವು ಕೊಟ್ಟ ಪಿ.ಡಿ. ತಪ್ಪಿದ್ದರೆ ಕೇಂದ್ರವೂ ತಪ್ಪು ಜಾಗಕ್ಕೆ ಹೋಗುತ್ತದೆ.

ನಾನು ಕೊಟ್ಟದ್ದು 58. ಹಣೆಗೆ ಒಂದು ಬ್ಯಾಂಕ್ ಕಾರ್ಡ್ ಒತ್ತಿ ಹಿಡಿದು, ಮೊಬೈಲ್‌ನಲ್ಲಿ ಮುಖದ ಫೋಟೊ ತೆಗೆದು ಅಳೆದಿದ್ದೆ. ಉಪಾಯವೇನೋ ಒಳ್ಳೆಯದೇ. ಬ್ಯಾಂಕ್ ಕಾರ್ಡುಗಳೆಲ್ಲ 85.6 ಮಿ.ಮೀ. ಅಗಲ, ಹಾಗಾಗಿ ಫೋಟೊದಲ್ಲಿ ಅದು ಸ್ಕೇಲ್‌ನ ಕೆಲಸ ಮಾಡುತ್ತದೆ. ತೊಂದರೆ ಬಂದದ್ದು ಬೇರೆ ಎರಡು ಕಡೆಯಿಂದ. ಹಣೆಯ ಮೇಲಿನ ಕಾರ್ಡು ಪಾಪೆಗಿಂತ ಸುಮಾರು 2 ಸೆಂ.ಮೀ. ಮುಂದಿತ್ತು. ಮೊಬೈಲ್ 40 ಸೆಂ.ಮೀ. ದೂರದಲ್ಲಿದ್ದರೆ ಅಷ್ಟಕ್ಕೇ ಕಾರ್ಡು ನೂರಕ್ಕೆ 5ರಷ್ಟು ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಹೋಲಿಸಿ ಅಳೆದ ಪಿ.ಡಿ. ಅಷ್ಟೇ ಚಿಕ್ಕದಾಗಿ ಬರುತ್ತದೆ. ಇನ್ನೊಂದು, ಹತ್ತಿರದ ಕ್ಯಾಮೆರಾ ನೋಡುವಾಗ ಕಣ್ಣುಗಳು ಒಳಕ್ಕೆ ತಿರುಗುತ್ತವೆ, ಪಾಪೆಗಳು ಇನ್ನೂ ಒಂದೂವರೆ ಮಿ.ಮೀ.ನಷ್ಟು ಹತ್ತಿರ ಬರುತ್ತವೆ. ಒಂದು ತಪ್ಪು ಹೆಚ್ಚಿಗೆ, ಇನ್ನೊಂದು ಕಡಿಮೆಗೆ ಎಳೆದಿದ್ದರೆ ಸರಿಹೋಗುತ್ತಿತ್ತೋ ಏನೋ. ಇಲ್ಲಿ ಎರಡೂ ಒಂದೇ ಕಡೆಗೆ ಎಳೆದವು.

ಕನ್ನಡಿಯ ಮುಂದೆ ಸ್ಕೇಲ್ ಹಿಡಿದು ಅಳೆಯುವ ಹಳೆಯ ವಿಧಾನ ಇದಕ್ಕಿಂತ ವಾಸಿ. ಸ್ಕೇಲನ್ನು ಹುಬ್ಬಿಗೆ ಒತ್ತಿಕೊಳ್ಳಿ. ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಕನ್ನಡಿಯಲ್ಲಿರುವ ಅದೇ ಎಡಗಣ್ಣಿನ ಪಾಪೆ ನೋಡುತ್ತ ಸೊನ್ನೆಯನ್ನು ಅದರ ಮೇಲೆ ಕೂರಿಸಿ. ತಲೆ ಅಲ್ಲಾಡಿಸದೆ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಬಲಪಾಪೆಯ ಮೇಲಿನ ಅಂಕಿ ಓದಿ. ಒಂದು ಕಣ್ಣು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳಬೇಕಾದರೆ ಅದರ ನೋಟ ಕನ್ನಡಿಗೆ ನೇರವಾಗಿಯೇ ಇರಬೇಕು. ಹಾಗಾಗಿ ಎರಡು ಕಣ್ಣಿನ ನೋಟವೂ ಒಂದಕ್ಕೊಂದು ಸಮಾನಾಂತರ, ದೂರದ ಬೆಟ್ಟ ನೋಡಿದ ಹಾಗೆ. ಕನ್ನಡಿ ಹತ್ತಿರವೇ ಇದ್ದರೂ ಕಣ್ಣು ಒಳಕ್ಕೆ ತಿರುಗುವ ತಪ್ಪು ಇಲ್ಲಿ ಬರುವುದಿಲ್ಲ. ನಾಲ್ಕೈದು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ.

ಆದರೆ ಮೈನಸ್ 6 ಇರುವ ನನಗೆ ಕನ್ನಡಕ ತೆಗೆದರೆ ಸ್ಕೇಲ್ ಇರಲಿ, ಸ್ಕೇಲ್ ಹಿಡಿದ ಕೈಯೂ ಮಸುಕು. ನಮ್ಮಂಥವರಿಗೆ ಚುಕ್ಕಿ ವಿಧಾನವಿದೆ. ಹಳೆಯ ಕನ್ನಡಕ ಹಾಕಿಕೊಂಡು ದೂರದ ಒಂದು ಗುರುತನ್ನು ನೋಡಬೇಕು, ಎದುರು ಮನೆಯ ಬೀಗದಷ್ಟು ಚಿಕ್ಕದಾದರೆ ಒಳ್ಳೆಯದು. ಒಂದು ಕಣ್ಣು ಮುಚ್ಚಿ, ಆ ಗುರುತನ್ನು ಮುಚ್ಚುವ ಹಾಗೆ ಲೆನ್ಸಿನ ಮೇಲೆ ಅಳಿಸಬಹುದಾದ ಸ್ಕೆಚ್ ಪೆನ್ನಿನಿಂದ ಚುಕ್ಕಿ ಇಡಬೇಕು. ಇನ್ನೊಂದು ಕಣ್ಣಿಗೂ ಹಾಗೆಯೇ. ಎರಡೂ ಕಣ್ಣು ತೆರೆದು ದೂರ ನೋಡಿದಾಗ ಎರಡು ಮಸುಕು ಚುಕ್ಕಿಗಳು ಸೇರಿ ಒಂದಾಗಿ ಕಂಡರೆ ಸರಿಯಾಯಿತು. ಆ ಚುಕ್ಕಿಗಳ ನಡುವಿನ ಅಂತರವೇ ಪಿ.ಡಿ.

ನೋವು ಕೊಡುತ್ತಿದ್ದ ಕನ್ನಡಕದ ಮೇಲೂ ನಾನು ಹೀಗೆ ನೀಲಿ ಚುಕ್ಕಿ ಇಟ್ಟೆ. ಆಮೇಲೆ ಅದನ್ನು ತೆಗೆದು, ಕೈ ಚಾಚಿ, ಒಂದು ಲೆನ್ಸಿನ ಮೂಲಕ ಕಿಟಕಿಯ ನೇರ ಸರಳನ್ನು ನೋಡಿದೆ. ಲೆನ್ಸಿನೊಳಗೆ ಕಾಣುವ ಸರಳು ಹೊರಗಿನ ಸರಳಿನಿಂದ ಮುರಿದು ಪಕ್ಕಕ್ಕೆ ನಿಂತಂತೆ ಕಾಣುತ್ತದೆ. ಕನ್ನಡಕವನ್ನು ಮೆಲ್ಲಗೆ ಅಡ್ಡಡ್ಡ ಸರಿಸುತ್ತ ಹೋದರೆ ಒಂದು ಕಡೆ ಎರಡೂ ಕೂಡಿ ಒಂದೇ ಗೆರೆಯಾಗುತ್ತದೆ. ಸರಳು ಹಾದುಹೋಗುವ ಆ ಜಾಗವೇ ಲೆನ್ಸಿನ ಕೇಂದ್ರ. ಅಲ್ಲಿ ಕೆಂಪು ಚುಕ್ಕಿ ಇಟ್ಟೆ. ನೀಲಿ ಚುಕ್ಕಿಗಳ ನಡುವೆ 62, ಕೆಂಪು ಚುಕ್ಕಿಗಳ ನಡುವೆ 58. ಕತ್ತರಿಸಿದವರ ತಪ್ಪೇನೂ ಇರಲಿಲ್ಲ. ನಾನು ಹೇಳಿದ ಅಳತೆಗೇ ಮಾಡಿಕೊಟ್ಟಿದ್ದರು!

ಒಂದೊಂದು ಕಣ್ಣಿಗೆ 2 ಮಿ.ಮೀ. ತಪ್ಪು ಏನು ಮಹಾ ಅನ್ನಿಸಬಹುದು. ಕೇಂದ್ರದಿಂದ ಪಕ್ಕಕ್ಕೆ ಸರಿದು ನೋಡಿದರೆ ಲೆನ್ಸ್ ಒಂದು ಪ್ರಿಸಮ್ ಆಗುತ್ತದೆ. ಎಷ್ಟು ಅಂತ ತಿಳಿಯಲು ಸೆಂಟಿಮೀಟರ್‌ನಲ್ಲಿ ತಪ್ಪಿದ ದೂರವನ್ನು ಪವರ್‌ನಿಂದ ಗುಣಿಸಿದರೆ ಸಾಕು. ಇದಕ್ಕೆ ಪ್ರೆಂಟಿಸ್ ನಿಯಮ ಅಂತ ಹೆಸರು. 0.2 ಅನ್ನು 6ರಿಂದ ಗುಣಿಸಿದರೆ 1.2. ಒಂದು ಮೀಟರ್ ದೂರದ ವಸ್ತು 1.2 ಸೆಂ.ಮೀ. ಪಕ್ಕಕ್ಕೆ ಸರಿದಂತೆ ಕಾಣುತ್ತದೆ ಅಂತ ಅರ್ಥ. ಎರಡೂ ಕಣ್ಣು ಸೇರಿ 2.4. ನನ್ನ ಕಣ್ಣುಗಳು ದಿನವಿಡೀ ಆ 2.4ನ್ನು ಸರಿಪಡಿಸಲು ಒಳಕ್ಕೆ ಎಳೆದುಕೊಂಡೇ ಇದ್ದವು. ಇದೇ ತಪ್ಪು ಮೈನಸ್ 1 ಇರುವವರಿಗೆ ಆಗಿದ್ದರೆ ಎರಡೂ ಕಣ್ಣು ಸೇರಿ ಬರೀ 0.4, ಬಹುಶಃ ಗೊತ್ತೇ ಆಗುತ್ತಿರಲಿಲ್ಲ. ಕೇಂದ್ರಗಳು ಹತ್ತಿರವಾಗುವ ಬದಲು ದೂರವಾಗಿದ್ದರೆ ನನ್ನ ಪಾಡು ಇನ್ನೂ ಕಷ್ಟವಾಗುತ್ತಿತ್ತು. ಮೈನಸ್ ಲೆನ್ಸಿನಲ್ಲಿ ಆಗ ಕಣ್ಣು ಹೊರಕ್ಕೆ ತಿರುಗಬೇಕು, ಆ ಕಡೆಗೆ ಅದಕ್ಕೆ ಶಕ್ತಿ ಕಡಿಮೆ.

ಓದುವುದಕ್ಕೂ ದೂರಕ್ಕೂ ಒಂದೇ ಕನ್ನಡಕ, ಅಂದರೆ ಪ್ರೊಗ್ರೆಸಿವ್ ಬೇಕಿದ್ದರೆ ಈ ಮನೆಯಳತೆ ಸಾಲದು. ಅಲ್ಲಿ ಪಾಪೆ ಲೆನ್ಸಿನ ಕೆಳ ಅಂಚಿನಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದೂ ಬೇಕು. ಅದನ್ನು ಅದೇ ಫ್ರೇಮ್ ಮುಖದ ಮೇಲೆ ಕೂತಾಗ ಇನ್ನೊಬ್ಬರು ಅಳೆಯಬೇಕು.

ಇನ್ನು ಲೆನ್ಸಿನ ವಿಷಯ. ಪಟ್ಟಿಯಲ್ಲಿ 1.5, 1.6, 1.67 ಅಂತ ಇರುತ್ತದೆ. ಅದು ಲೆನ್ಸ್ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಲೆಕ್ಕ. ಸಂಖ್ಯೆ ಹೆಚ್ಚಿದಷ್ಟೂ ಅದೇ ಪವರ್‌ಗೆ ತೆಳು ಲೆನ್ಸ್ ಸಾಕು, ಬೆಲೆಯೂ ಹೆಚ್ಚು. ಮೈನಸ್ ಲೆನ್ಸ್ ನಡುವೆ ತೆಳು, ಅಂಚಿನಲ್ಲಿ ದಪ್ಪ. ಅಂಚು ನಡುವಿಗಿಂತ ಎಷ್ಟು ದಪ್ಪ ಅನ್ನುವುದು ಕೇಂದ್ರದಿಂದ ಅಂಚಿಗಿರುವ ದೂರದ ವರ್ಗದಂತೆ ಬೆಳೆಯುತ್ತದೆ. ಎಲ್ಲರೂ ಮರೆಯುವುದು ಇದನ್ನೇ.

ನನ್ನ 54□18 ಫ್ರೇಮಿನಲ್ಲಿ ಲೆನ್ಸಿನ ಅರ್ಧ ಅಗಲ 27. ಸರಿಯಾದ ಪಿ.ಡಿ.ಗೆ ಕೇಂದ್ರ 5 ಮಿ.ಮೀ. ಒಳಕ್ಕೆ ಸರಿದರೆ ಕಿವಿಯ ಕಡೆಯ ಅಂಚು ಕೇಂದ್ರದಿಂದ 32 ಮಿ.ಮೀ. ದೂರ. 1.5ರ ಲೆನ್ಸ್ ಹಾಕಿದರೆ ಆ ಅಂಚು ನಡುವಿಗಿಂತ ಸುಮಾರು 6 ಮಿ.ಮೀ. ಹೆಚ್ಚು ದಪ್ಪ. ದುಬಾರಿ 1.67 ಹಾಕಿದರೆ 4.6. ಈಗ ಅದರ ಬದಲು 46□20 ಫ್ರೇಮ್ ತೆಗೆದುಕೊಳ್ಳೋಣ. ಎರಡೂ ಕೂಡಿದರೆ 66, ಕೇಂದ್ರ ಸರಿಯಬೇಕಾದ್ದು ಬರೀ 2, ಅಂಚಿನ ದೂರ 25. ಅಗ್ಗದ 1.5ರಲ್ಲೇ 3.8 ಮಿ.ಮೀ. ಬರುತ್ತದೆ! 1.67ರ ಲೆನ್ಸನ್ನು ನಡುವಿನಲ್ಲಿ ಸ್ವಲ್ಪ ತೆಳುವಾಗಿ ಮಾಡಬಹುದು ನಿಜ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ದೊಡ್ಡ ಫ್ರೇಮಿನ ದುಬಾರಿ ಲೆನ್ಸೂ ಚಿಕ್ಕ ಫ್ರೇಮಿನ ಅಗ್ಗದ ಲೆನ್ಸೂ ದಪ್ಪದಲ್ಲಿ ಹೆಚ್ಚುಕಮ್ಮಿ ಸಮ.

ಪಾಲಿಕಾರ್ಬೊನೇಟ್ ಬೇರೆ ಜಾತಿ. ಏಟು ಬಿದ್ದರೂ ಸುಲಭವಾಗಿ ಒಡೆಯದ ಲೆನ್ಸ್ ಅದು. ಮಕ್ಕಳಿಗೆ, ಆಟ ಆಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಪವರ್ ಜಾಸ್ತಿ ಇದ್ದರೆ ಅಂಚಿನ ಕಡೆ ಅಕ್ಷರಗಳ ಸುತ್ತ ಸಣ್ಣ ಬಣ್ಣದ ಗೆರೆ ಕಾಣಬಹುದು.

ಕೋಟಿಂಗ್‌ಗಳ ಪಟ್ಟಿ ಉದ್ದವಿರುತ್ತದೆ, ಅದರಲ್ಲಿ ನಿಜಕ್ಕೂ ಬೇಕಾದದ್ದು ಪ್ರತಿಫಲನ ತಡೆಯುವ ಕೋಟಿಂಗ್. 1.5ರ ಲೆನ್ಸಿನ ಒಂದೊಂದು ಮೈಯೂ ಬಿದ್ದ ಬೆಳಕಿನಲ್ಲಿ ನೂರಕ್ಕೆ 4 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. 1.67ರಲ್ಲಿ ಅದು 6ಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ತೆಳು ಲೆನ್ಸ್ ಕೊಂಡವರು ಇದನ್ನು ಬಿಡುವ ಹಾಗಿಲ್ಲ. ಇದೆಯೋ ಇಲ್ಲವೋ ನೋಡಲು ಲೆನ್ಸನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ಬೆಳ್ಳಗೆ ಫಳಫಳ ಕಂಡರೆ ಕೋಟಿಂಗ್ ಇಲ್ಲ, ಮಂಕಾದ ಹಸಿರೋ ನೇರಳೆಯೋ ಕಂಡರೆ ಇದೆ. ಬಿಸಿಗೆ ಮಾತ್ರ ಒಡ್ಡಬೇಡಿ. ಒಳಗಿನ ಪ್ಲಾಸ್ಟಿಕ್ ಹಿಗ್ಗಿದಷ್ಟು ಮೇಲಿನ ಪದರ ಹಿಗ್ಗುವುದಿಲ್ಲ, ಜೇಡರ ಬಲೆಯ ಹಾಗೆ ಬಿರುಕು ಬಿಡುತ್ತದೆ. ನೀಲಿ ಬೆಳಕು ತಡೆಯುವ ಲೆನ್ಸಿಗೆ ಹೆಚ್ಚು ಹಣ ಕೊಡಲು ನನಗೆ ಮನಸ್ಸಿಲ್ಲ. ಅಲ್ಪ ಅವಧಿಯ ಕಂಪ್ಯೂಟರ್ ಕೆಲಸದಲ್ಲಿ ಅದು ಕಣ್ಣಿನ ಆಯಾಸ ಕಡಿಮೆ ಮಾಡದಿರಬಹುದು ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಹೇಳಿದೆ.

ಚಿಕ್ಕ ಲೆನ್ಸ್ ಅಂದಾಗ ಫ್ರೇಮ್ ಮುಖಕ್ಕೆ ಬಿಗಿಯಾಗದೇ ಅಂತ ಕೇಳಬಹುದು. ಫ್ರೇಮ್ ಅಗಲವನ್ನು ಬೇರೆಯಾಗಿ ನೋಡಬೇಕು ಅಂದದ್ದು ಅದಕ್ಕೇ. ನನ್ನ ಬಳಿಯ ಆರಾಮಾದ ಹಳೆಯ ಕನ್ನಡಕದ ಮುಂಭಾಗವನ್ನು ಕೀಲಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದೆ, 136 ಬಂತು. 46□20ರಲ್ಲಿ ಲೆನ್ಸು, ಬ್ರಿಡ್ಜ್ ಸೇರಿ 112 ಮಾತ್ರ. ಆದರೆ ಕೀಲಿನ ಜಾಗ ಅಗಲವಾಗಿರುವ ದುಂಡು ಫ್ರೇಮುಗಳೂ ಸಿಗುತ್ತವೆ. ಅಂಥದ್ದೊಂದು 134 ಇತ್ತು. ಮಾರುವವರು ಅದನ್ನು ಹೊರ ಅಂಚಿನಿಂದ ಅಳೆದಿದ್ದಾರೋ, ಎರಡು ಕಡ್ಡಿಗಳ ಒಳಗಿನಿಂದಲೋ ಅಂತ ಚಿತ್ರ ನೋಡಿ ಖಚಿತ ಮಾಡಿಕೊಂಡೆ. ಎರಡರ ನಡುವೆ ಹತ್ತು ಮಿ.ಮೀ.ವರೆಗೂ ವ್ಯತ್ಯಾಸ ಬರಬಹುದು.

ಫ್ರೇಮ್ ಕಿರಿದಾದರೆ ಕಡ್ಡಿಗಳು ಬಿಲ್ಲಿನ ಹಾಗೆ ಹೊರಕ್ಕೆ ಬಾಗುತ್ತವೆ, ಕಿವಿಯ ಮುಂದೆ ಕೆಂಪು ಗೆರೆ ಉಳಿಯುತ್ತದೆ. ತಮಾಷೆಯೆಂದರೆ ಅಂಥ ಕನ್ನಡಕವೂ ಮೂಗಿನ ಮೇಲೆ ಜಾರುತ್ತದೆ. ತಲೆ ಹಿಂದಕ್ಕೆ ಹೋದಂತೆ ಅಗಲವಾಗುವುದರಿಂದ ಬಿಗಿ ಕಡ್ಡಿಗಳು ಅದನ್ನು ಮುಂದಕ್ಕೆ ತಳ್ಳುತ್ತವೆ. ಜಾರುತ್ತಿದೆ ಅಂತ ಇನ್ನಷ್ಟು ಬಿಗಿ ಮಾಡಿಸಿದರೆ ಇನ್ನಷ್ಟು ಜಾರುತ್ತದೆ. ಹೊಸ ದುಂಡು ಕನ್ನಡಕ ಬಂದ ದಿನ ನಾನು ಮೊದಲು ಹಿಡಿದದ್ದು ಕಿಟಕಿಯ ಸರಳಿಗೆ. ಕೆಂಪು ಚುಕ್ಕಿಗಳ ನಡುವೆ 62 ಇತ್ತು, ಹುಬ್ಬಿನ ನೋವು ಒಂದೇ ವಾರದಲ್ಲಿ ಹೋಯಿತು.