ಒಂದೇ ಹಣ ಎರಡು ಸಲ ಹೋಗದಂತೆ: ಕ್ಯೂ ವರ್ಕರ್‌ಗೆ ಡಮ್ಮಿ ಪರೀಕ್ಷೆ

ಆನ್‌ಲೈನ್ ಅಂಗಡಿಗೆ ನೀವು ವಸ್ತು ಹಿಂದಿರುಗಿಸಿದರೆ ಹಣ ಅದೇ ಕ್ಷಣಕ್ಕೆ ಬರುವುದು ಅಪರೂಪ. ‘ಇವರಿಗೆ ಇಷ್ಟು ಕೊಡಬೇಕು’ ಎಂಬ ಚೀಟಿಯೊಂದು ಕ್ಯೂ ಸೇರುತ್ತದೆ. ಹಿನ್ನೆಲೆಯಲ್ಲಿ ಓಡುವ ವರ್ಕರ್ ಎಂಬ ಪ್ರೋಗ್ರಾಮ್ ಆ ಚೀಟಿ ಎತ್ತಿಕೊಂಡು, ಹಣ ಕಳಿಸಿ, ಕೊನೆಗೆ ಚೀಟಿಯನ್ನು ಅಳಿಸುತ್ತದೆ. ಹೊಸ ವರ್ಕರ್ ನಿಜವಾದ ಚೀಟಿ ಮುಟ್ಟುವ ಮೊದಲು ಅದನ್ನು ಡಮ್ಮಿ ಚೀಟಿಗಳ ಮೇಲೆ ಓಡಿಸಿ ನೋಡಬೇಕು.

ಡಮ್ಮಿಗಳಿಗೆ ಬೇರೆಯೇ ಕ್ಯೂ ಇರಲಿ. ನಿಜವಾದ ಕ್ಯೂನಲ್ಲೇ `test=true` ಎಂದು ಗುರುತು ಹಾಕಿ ಬಿಟ್ಟರೆ, ಆ ಗುರುತಿನ ಅರ್ಥವೇ ಗೊತ್ತಿಲ್ಲದ ಹಳೆಯ ವರ್ಕರ್ ಅದನ್ನೆತ್ತಿ ಹಣ ಕಳಿಸಿಬಿಡಬಹುದು. ಪರೀಕ್ಷೆಯ ವರ್ಕರ್‌ಗೆ ಪಾವತಿ ಗೇಟ್‌ವೇಯ ನಿಜವಾದ ಕೀಲಿ ಕೊಡಲೇಬಾರದು. ಹಣ ಕಳಿಸುವ ಬದಲು ಅದು `fake_refunds` ಎಂಬ ಟೇಬಲ್‌ನಲ್ಲಿ, ಚೀಟಿಯ ಗುರುತು ಸಂಖ್ಯೆಯಾದ `job_id` ಸಮೇತ ಒಂದು ಸಾಲು ಬರೆದರೆ ಸಾಕು.

ಹೆಚ್ಚಿನವರು ಸರಾಗವಾಗಿ ಮುಗಿಯುವ ನೂರು ಚೀಟಿ ಹಾಕಿ, ನೂರೂ ಮುಗಿದವೆಂದು ಸಮಾಧಾನಪಡುತ್ತಾರೆ. ಅದರಿಂದ ತಿಳಿಯುವುದು ಬಹಳ ಕಡಿಮೆ. ನಿಧಾನದ ಚೀಟಿ ಹಾಕಿ ನೋಡಿ. ಅಮೆಜಾನ್‌ನ ಕ್ಯೂ ಸೇವೆಯಾದ ಎಸ್‌ಕ್ಯೂಎಸ್‌ನಲ್ಲಿ ಒಬ್ಬ ವರ್ಕರ್ ಎತ್ತಿಕೊಂಡ ಚೀಟಿ ಉಳಿದವರಿಗೆ ಕಾಣದಂತೆ ಮರೆಯಾಗುವುದು ಸ್ವಲ್ಪ ಹೊತ್ತು ಮಾತ್ರ. ನಾವು ಬದಲಿಸದಿದ್ದರೆ ಅದು 30 ಸೆಕೆಂಡು. ಈಗ ಎರಡು ವರ್ಕರ್‌ಗಳನ್ನು ಓಡಿಸಿ, 45 ಸೆಕೆಂಡು ಸುಮ್ಮನೆ ಕಾದು ಆಮೇಲೆ ಸಾಲು ಬರೆಯುವ ಒಂದೇ ಚೀಟಿ ಹಾಕಿ. ಮೊದಲ ವರ್ಕರ್ ಇನ್ನೂ ಕಾಯುತ್ತಿರುವಾಗಲೇ 30ನೇ ಸೆಕೆಂಡಿಗೆ ಚೀಟಿ ಮತ್ತೆ ಕಾಣಿಸಿಕೊಳ್ಳುತ್ತದೆ, ಎರಡನೆಯದು ಎತ್ತಿಕೊಳ್ಳುತ್ತದೆ. 45ಕ್ಕೆ ಒಂದು ಸಾಲು, ಸುಮಾರು 75ಕ್ಕೆ ಇನ್ನೊಂದು. ಲಾಗ್‌ನಲ್ಲಿ ಎರಡೂ ‘ಯಶಸ್ವಿ’ ಎಂದೇ ಇರುತ್ತವೆ, ಹಾಗಾಗಿ ಟೇಬಲ್ಲನ್ನೇ ಕೇಳಬೇಕು:

```sql
SELECT job_id, COUNT(*) FROM fake_refunds
GROUP BY job_id HAVING COUNT(*) > 1;
```

ಇದಕ್ಕೆ ಉತ್ತರವಾಗಿ ಒಂದೇ ಒಂದು ಸಾಲು ಬಂದರೂ ವರ್ಕರ್ ಇನ್ನೂ ಸಿದ್ಧವಾಗಿಲ್ಲ. ಮರೆಯ ಅವಧಿಯನ್ನು ಹೆಚ್ಚಿಸಿದರೆ ಈ ಪರೀಕ್ಷೆ ಪಾಸಾಗುತ್ತದೆ, ಆದರೆ ರೋಗ ಹಾಗೇ ಉಳಿಯುತ್ತದೆ. ಅದನ್ನು ತೋರಿಸಲು ವರ್ಕರನ್ನು ನಡುವೆಯೇ ಕೊಲ್ಲಬೇಕು: ಸಾಲು ಬರೆದಾದ ಮೇಲೆ, ಚೀಟಿ ಅಳಿಸುವ ಮುಂಚೆ 20 ಸೆಕೆಂಡು ನಿಲ್ಲುವ ಡಮ್ಮಿ ಹಾಕಿ, ಆ ಬಿಡುವಿನಲ್ಲಿ `kill -9` ಕೊಡಿ. ಅವಧಿ ಎಷ್ಟೇ ಇರಲಿ, ಅದು ಮುಗಿದೊಡನೆ ಚೀಟಿ ಮರಳಿ ಬರುತ್ತದೆ, ಇನ್ನೊಂದು ವರ್ಕರ್ ಅದನ್ನೆತ್ತಿ ಮತ್ತೆ ಸಾಲು ಬರೆಯುತ್ತದೆ.

`job_id`ಗೆ ಯೂನಿಕ್ ನಿಬಂಧನೆ ಹಾಕಿದರೆ ನಮ್ಮ ಟೇಬಲ್‌ನಲ್ಲಿ ಎರಡನೇ ಸಾಲು ತಡೆಯಬಹುದು. ಆದರೆ ನಿಜವಾದ ಹಣ ಹೋಗುವುದು ನಮ್ಮ ಟೇಬಲ್‌ನ ಹೊರಗೆ. ಹಣ ಕಳಿಸಿ, ಸಾಲು ಬರೆಯುವ ಮುನ್ನವೇ ವರ್ಕರ್ ಸತ್ತರೆ ಆ ನಿಬಂಧನೆಗೆ ಏನೂ ಗೊತ್ತಾಗದು. ಆದ್ದರಿಂದ ಅದೇ `job_id`ಯನ್ನು ಗೇಟ್‌ವೇಗೂ ಕಳಿಸಬೇಕು. ಸ್ಟ್ರೈಪ್ ಎಂಬ ಗೇಟ್‌ವೇಯಲ್ಲಿ ಇದಕ್ಕೆಂದೇ `Idempotency-Key` ಎಂಬ ಹೆಡರ್ ಇದೆ. ಅದೇ ಕೀ ಮತ್ತೆ ಬಂದರೆ ಹೊಸದಾಗಿ ಹಣ ಕಳಿಸದೆ ಮೊದಲಿನ ಉತ್ತರವನ್ನೇ ಕೊಡುತ್ತದೆ. ಈ ಕೊನೆಯ ಕೊಂಡಿಯನ್ನು ನಮ್ಮ ಡಮ್ಮಿ ಟೇಬಲ್ ಪರೀಕ್ಷಿಸಲಾರದು. ಅದಕ್ಕೆ ಗೇಟ್‌ವೇಯ ಟೆಸ್ಟ್ ಕೀಲಿ ಹಾಕಿ, ಅದೇ `kill -9` ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಗೇಟ್‌ವೇಯ ಡ್ಯಾಶ್‌ಬೋರ್ಡ್‌ನಲ್ಲಿ ಎಷ್ಟು ಮರುಪಾವತಿ ದಾಖಲಾಗಿವೆ ಎಂದು ಎಣಿಸಬೇಕು.